ಚಿತ್ರದ ಅಡಿಯಲ್ಲೇನಿದೆ? ಸ್ಪರ್ಧೆಗೆ ಬಂದ ಎಐ ಚಿತ್ರವನ್ನು ಲೇಯರ್ ತೆರೆದು ನೋಡುವ ಬಗೆ

(ಶಿವಮೊಗ್ಗದಲ್ಲಿ ಚಿತ್ರಕಲಾ ಶಿಕ್ಷಕರು, ಸ್ಪರ್ಧೆ ನಡೆಸುವವರು ಮತ್ತು ತೀರ್ಪುಗಾರರ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

"ಎಐ ಚಿತ್ರಗಳಿಗೆ ಅವಕಾಶವಿಲ್ಲ. ಮೂಲ ಪಿಎಸ್‌ಡಿ ಫೈಲ್ ಕಡ್ಡಾಯ." ಚಿತ್ರಕಲಾ ಸ್ಪರ್ಧೆಯ ಪ್ರಕಟಣೆಗಳಲ್ಲಿ ಈಗ ಈ ಎರಡು ಸಾಲು ಕಾಣುತ್ತಿವೆ. ಒಳ್ಳೆಯದೇ. ಪಿಎಸ್‌ಡಿ ಎಂದರೆ ಫೋಟೋಶಾಪ್‌ನ ಫೈಲ್. ಚಿತ್ರದ ಭಾಗಗಳು ಅದರಲ್ಲಿ ಒಂದರ ಮೇಲೊಂದು ಇಟ್ಟ ಪಾರದರ್ಶಕ ಹಾಳೆಗಳಂತೆ, ಅಂದರೆ ಲೇಯರ್‌ಗಳಾಗಿ, ಬೇರೆ ಬೇರೆ ಉಳಿದಿರುತ್ತವೆ. ಆದರೆ ಬಂದ ಫೈಲನ್ನು ತೆರೆದ ಮೇಲೆ ಏನು ನೋಡಬೇಕು ಎಂಬುದನ್ನು ತೀರ್ಪುಗಾರರಿಗೆ ಯಾರೂ ಹೇಳಿರುವುದಿಲ್ಲ. ಲೇಯರ್‌ಗಳ ಪಟ್ಟಿ ಉದ್ದವಾಗಿದ್ದರೆ "ಸರಿ, ಇವರೇ ಮಾಡಿದ್ದು" ಎಂದು ಮುಂದಿನದಕ್ಕೆ ಹೋಗಿಬಿಡುತ್ತಾರೆ. ಮುಗಿದ ಚಿತ್ರವೊಂದನ್ನು ಹತ್ತು ಲೇಯರ್‌ಗಳಾಗಿ ಕತ್ತರಿಸಿಡಲು ಫೋಟೋಶಾಪ್ ಬಲ್ಲವನಿಗೆ ಅರ್ಧ ಗಂಟೆ ಸಾಕು. ಅದನ್ನು ತಾನಾಗಿಯೇ ಬಿಡಿಸಿಕೊಡುವ ಸಾಧನಗಳೂ ಬಂದಿವೆ. ಹಾಗಾಗಿ ಲೇಯರ್ ಎಷ್ಟಿವೆ ಎಂದು ಎಣಿಸಿ ಪ್ರಯೋಜನವಿಲ್ಲ. ಒಂದನ್ನು ಮುಚ್ಚಿದಾಗ ಅದರ ಕೆಳಗೆ ಏನು ಕಾಣುತ್ತದೆ ಎಂಬುದರಲ್ಲೇ ವಿಷಯವಿದೆ. ಇವತ್ತಿನ ಮಾತು ಬಹುಪಾಲು ಅದರ ಬಗ್ಗೆ.

ಆರು ಬೆರಳು, ಕರಗಿದ ಕಿವಿಯೋಲೆ, ಓದಲಾಗದ ಅಂಗಡಿ ಬೋರ್ಡು ಇವುಗಳನ್ನು ನಂಬಿಕೊಂಡು ಕೂರುವ ಕಾಲ ಮುಗಿಯಿತು. ಹೊಸ ಎಐ ಮಾದರಿಗಳು ಬೆರಳನ್ನು ಸರಿಯಾಗಿಯೇ ಬರೆಯುತ್ತವೆ. ಕಲಿಯುತ್ತಿರುವ ಹುಡುಗರು ಬೆರಳನ್ನು ತಪ್ಪಾಗಿ ಬರೆಯುತ್ತಾರೆ.

ಮೊದಲು ನಿಯಮದ ವಿಷಯ ಮುಗಿಸಿಬಿಡೋಣ. 2022ರಲ್ಲಿ ಅಮೆರಿಕದ ಕೊಲೊರಾಡೊ ರಾಜ್ಯ ಮೇಳದ ಚಿತ್ರಸ್ಪರ್ಧೆಯಲ್ಲಿ ಜೇಸನ್ ಅಲೆನ್ ಎಂಬವರು ಮಿಡ್‌ಜರ್ನಿ ಎಂಬ ಎಐ ಸಾಧನದಿಂದ ಮಾಡಿದ ಚಿತ್ರಕ್ಕೆ ಡಿಜಿಟಲ್ ವಿಭಾಗದ ಮೊದಲ ಬಹುಮಾನ ಬಂತು. ಅವರು ಮಿಡ್‌ಜರ್ನಿಯ ಹೆಸರನ್ನು ಬರೆದೇ ಕಳುಹಿಸಿದ್ದರು. ಅದು ಏನೆಂದು ತೀರ್ಪುಗಾರರಿಗೆ ಗೊತ್ತಿರಲಿಲ್ಲ, ನಿಯಮದಲ್ಲಿ ನಿಷೇಧವೂ ಇರಲಿಲ್ಲ. ಮುಂದೆ ಆ ಚಿತ್ರಕ್ಕೆ ಕೃತಿಸ್ವಾಮ್ಯ ಕೇಳಿದಾಗ ಅವರು ಕನಿಷ್ಠ 624 ಸಲ ಸೂಚನೆ ತಿದ್ದಿದ್ದಾಗಿ, ಆಮೇಲೆ ಫೋಟೋಶಾಪ್‌ನಲ್ಲಿ ಕೆಲಸ ಮಾಡಿದ್ದಾಗಿ ಹೇಳಿಕೊಂಡರು. 2023ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಕೃತಿಸ್ವಾಮ್ಯ ಕಚೇರಿ ಅರ್ಜಿಯನ್ನು ತಿರಸ್ಕರಿಸಿತು. ನಮಗೆ ಇಲ್ಲಿ ಮುಖ್ಯವಾದದ್ದು ಬೇರೆ: "ಪ್ರಕ್ರಿಯೆ ತೋರಿಸಿ" ಎಂದು ಕೇಳಿದ್ದರೆ ಅವರ ಬಳಿ ತೋರಿಸಲು ಬೇಕಾದಷ್ಟಿತ್ತು. ಆದ್ದರಿಂದ ಯಾವ ಹಂತದಲ್ಲಿ ಎಐ ಬಳಸಬಾರದು ಎಂದು ನಿಯಮ ಬಿಡಿಸಿ ಹೇಳಬೇಕು. ಐಡಿಯಾಕ್ಕೆ ಬಳಸಬಹುದೇ? ಎಐ ಚಿತ್ರವನ್ನು ಕೆಳಗಿಟ್ಟು ಮೇಲೆ ಗೆರೆ ಎಳೆಯಬಹುದೇ? ಹಿನ್ನೆಲೆ ತುಂಬಿಸಬಹುದೇ? ಇವಕ್ಕೆ ಮೊದಲೇ ಉತ್ತರ ಬರೆದಿರದಿದ್ದರೆ ಆಮೇಲೆ ಫೈಲ್ ಬಗೆದು ಸಿಕ್ಕಿದ್ದನ್ನು ಏನು ಮಾಡಬೇಕೆಂದೇ ತಿಳಿಯುವುದಿಲ್ಲ.

ಈಗ ಒಂದು ಉದಾಹರಣೆ. ವಿವರಣೆಗಾಗಿ ಕಟ್ಟಿಕೊಂಡದ್ದು, ಯಾರದ್ದೋ ಎಂಟ್ರಿಯಲ್ಲ. ವಿಷಯ 'ಮಲೆನಾಡಿನ ಮಳೆಗಾಲ'. ಅಳತೆ ಎ3, 300 ಡಿಪಿಐ, ಅಂದರೆ ಕ್ಯಾನ್ವಾಸ್ 3508 × 4961 ಪಿಕ್ಸೆಲ್. ಚಿತ್ರದಲ್ಲಿ ಅಡಿಕೆ ತೋಟದ ಕಾಲುದಾರಿ, ಕಂಬಳಿ ಕೊಪ್ಪೆ ಹಾಕಿಕೊಂಡ ರೈತ, ತೋಳಿನಲ್ಲಿ ಬುಟ್ಟಿ, ದೂರದಲ್ಲಿ ಹೆಂಚಿನ ಮನೆ, ಸುರಿಯುವ ಮಳೆ. ಪಿಎಸ್‌ಡಿಯಲ್ಲಿ ಒಂಬತ್ತು ಲೇಯರ್: ಸ್ಕೆಚ್, ಗೆರೆ, ಮನುಷ್ಯ, ಬುಟ್ಟಿ, ಮರಗಳು, ಮನೆ, ಹಿನ್ನೆಲೆ, ನೆರಳು, ಮಳೆ. ನೋಡಲು ಅಚ್ಚುಕಟ್ಟು.

ಮೊದಲು ಮಳೆಯ ಲೇಯರ್ ಕಾಣದಂತೆ ಮುಚ್ಚಿ. ಕೈಯಲ್ಲಿ ಮಾಡಿದ ಚಿತ್ರವಾದರೆ ಮಳೆಯ ಗೆರೆಗಳು ಪೂರ್ತಿ ಹೋಗಿ ಕೆಳಗೆ ಒಣ ತೋಟ ಉಳಿಯಬೇಕು. ನಮ್ಮ ಉದಾಹರಣೆಯಲ್ಲಿ ದಪ್ಪ ಗೆರೆಗಳು ಮಾತ್ರ ಹೋದವು. ಮರದ ಕಾಂಡದ ಮೇಲೆ, ಹೆಂಚಿನ ಮೇಲೆ ಸಣ್ಣ ಗೆರೆಗಳು ಹಾಗೇ ಉಳಿದವು. ಮುಂದೆ ನೆರಳಿನ ಲೇಯರ್ ಮುಚ್ಚಿ. ಇಲ್ಲಿ ಇನ್ನೂ ಸ್ಪಷ್ಟವಾಗುತ್ತದೆ. ನೆರಳನ್ನು ಬೇರೆಯಾಗಿ ಹಾಕುವವರು ಸಾಮಾನ್ಯವಾಗಿ ಕೆಳಗಿನ ಬಣ್ಣವನ್ನು ಗಾಢವಾಗಿಸುವ ಮಲ್ಟಿಪ್ಲೈ ಮೋಡ್‌ನಲ್ಲಿ ಹಾಕುತ್ತಾರೆ. ಅದನ್ನು ಮುಚ್ಚಿದರೆ ಕೆಳಗಿನ ಬಣ್ಣ ಚಪ್ಪಟೆಯಾಗಿ, ಸ್ವಲ್ಪ ಪೆದ್ದಾಗಿಯೇ ಕಾಣಬೇಕು. ಇಲ್ಲಿ ಮುಚ್ಚಿದ ಮೇಲೂ ಕೊಪ್ಪೆಯ ಮಡಿಕೆಯೊಳಗೆ ನೆರಳಿದೆ, ಬುಟ್ಟಿಯ ಅಡಿಯಲ್ಲಿ ನೆರಳಿದೆ. ಅಂದರೆ ಬೆಳಕು, ನೆರಳು, ಮಳೆ ಎಲ್ಲ ಸೇರಿ ಒಮ್ಮೆಗೇ ಮೂಡಿದ ಚಿತ್ರ ಕೆಳಗಿದೆ. ಮೇಲಿನ ಎರಡು ಲೇಯರ್ ಆಮೇಲೆ ಬಳಿದದ್ದು.

ಮೂರನೆಯದು ರೈತನ ಲೇಯರ್ ಮುಚ್ಚುವುದು. ಆತನ ಹಿಂದೆ ಏನಿದೆ? ಕೈಯಲ್ಲಿ ಬರೆಯುವವರು ಮರದ ಕಾಂಡ ಎಳೆಯುವಾಗ ಮುಂದಿನ ಆಕೃತಿಯ ಅಂಚಿಗೆ ಬಂದು ಗಕ್ಕನೆ ನಿಲ್ಲಿಸುವುದು ಕಡಿಮೆ. ಆಕೃತಿಯ ಅಡಿಗೆ ಸ್ವಲ್ಪವಾದರೂ ನುಗ್ಗಿರುತ್ತದೆ, ಎಷ್ಟೋ ಸಲ ಪೂರ್ತಿಯಾಗಿಯೇ ಇರುತ್ತದೆ. ಕತ್ತರಿಸಿದ ಚಿತ್ರದಲ್ಲಿ ಎರಡರಲ್ಲೊಂದು ಆಗಿರುತ್ತದೆ: ರೈತನ ಆಕಾರದ್ದೇ ಖಾಲಿ ಜಾಗ, ಇಲ್ಲವೇ ಸಾಫ್ಟ್‌ವೇರ್ ತಾನೇ ತುಂಬಿಸಿದ ಮಸುಕು ಹಸಿರು. ಅಲ್ಲಿ ಕಾಂಡಗಳು ಒಂದಕ್ಕೊಂದು ಕರಗಿ ಹೋಗಿರುತ್ತವೆ.

ಖಾಲಿ ಜಾಗವೊಂದನ್ನೇ ಹಿಡಿದು ತೀರ್ಮಾನಿಸಬೇಡಿ. ಕಾಮಿಕ್ಸ್‌ಗೆ ಬಣ್ಣ ಹಾಕಿ ಅಭ್ಯಾಸವಿರುವವರು ಒಂದೇ ಲೇಯರ್‌ನಲ್ಲಿ ಪಕ್ಕಪಕ್ಕ ಬಣ್ಣದ ತುಂಡು ಜೋಡಿಸುತ್ತಾರೆ. ಅವರ ಫೈಲಿನಲ್ಲಿ ಅಡಿಯಲ್ಲಿ ಏನೂ ಇರುವುದಿಲ್ಲ. ವ್ಯತ್ಯಾಸ ಅಂಚಿನಲ್ಲಿ ಸಿಗುತ್ತದೆ. ಎಲ್ಲಕ್ಕಿಂತ ಕೆಳಗೆ ಕಣ್ಣಿಗೆ ಹೊಡೆಯುವ ಗುಲಾಬಿ ಬಣ್ಣದ ಲೇಯರ್ ಹಾಕಿ, ರೈತನ ಲೇಯರ್ ಒಂದನ್ನೇ ಉಳಿಸಿ, 400 ಪ್ರತಿಶತ ಝೂಮ್ ಮಾಡಿ. ಕತ್ತರಿಸಿ ತೆಗೆದದ್ದಾದರೆ ಕಪ್ಪು ಕಂಬಳಿಯ ಅಂಚಿಗೆ ತೋಟದ ಹಸಿರು ಎರಡು ಮೂರು ಪಿಕ್ಸೆಲ್ ಅಗಲಕ್ಕೆ ಅಂಟಿಕೊಂಡಿರುತ್ತದೆ. ಬೇರೆ ಲೇಯರ್‌ನಲ್ಲಿ ಬರೆದ ಮನುಷ್ಯನಿಗೆ ಹಿನ್ನೆಲೆಯ ಬಣ್ಣ ಅಂಟಲು ಕಾರಣವೇ ಇಲ್ಲ.

ಚಪ್ಪಟೆ ಬಣ್ಣದ ಲೇಯರ್ ಇದೆ ಎಂದು ಹೇಳಿಕೊಂಡವರಿಗೆ ಇನ್ನೊಂದು ಪರೀಕ್ಷೆ. ಮ್ಯಾಜಿಕ್ ವಾಂಡ್ ತೆಗೆದುಕೊಂಡು ಟಾಲರೆನ್ಸ್ 0 ಇಟ್ಟು ಸೋಗೆಯ ಹಸಿರಿನ ಮೇಲೆ ಕ್ಲಿಕ್ ಮಾಡಿ. ನಿಜವಾಗಿ ಚಪ್ಪಟೆಯಾಗಿದ್ದರೆ ಅಂಚು ಬಿಟ್ಟು ಸೋಗೆ ಇಡಿಯಾಗಿ ಆಯ್ಕೆಯಾಗುತ್ತದೆ. ಎಐ ಚಿತ್ರದಿಂದ ತೆಗೆದದ್ದಾದರೆ ಅಲ್ಲೊಂದು ಇಲ್ಲೊಂದು ಚುಕ್ಕೆ ಆಯ್ಕೆಯಾಗುತ್ತದೆ, ಏಕೆಂದರೆ ಕಣ್ಣಿಗೆ ಒಂದೇ ಹಸಿರಾಗಿ ಕಂಡದ್ದು ಒಳಗೆ ಸಾವಿರಾರು ಹಸಿರುಗಳ ರಾಶಿ. ಜಲವರ್ಣದಂತೆ ಕಾಣುವ ಬ್ರಷ್ ಬಳಸಿದವರಿಗೆ ಈ ಪರೀಕ್ಷೆ ಹಾಕಬೇಡಿ, ಅವರದ್ದೂ ಹಾಗೇ ಬರುತ್ತದೆ.

ಗೆರೆಯ ಲೇಯರ್ ಮತ್ತು ಸ್ಕೆಚ್ ಬಗ್ಗೆ ಸ್ವಲ್ಪ ನಿಲ್ಲಬೇಕು, ಏಕೆಂದರೆ ಜನ ಮೋಸ ಹೋಗುವುದು ಇಲ್ಲೇ. ಮುಗಿದ ಚಿತ್ರದಿಂದ ಪೆನ್ಸಿಲ್ ಸ್ಕೆಚ್‌ನಂಥದ್ದನ್ನು ತೆಗೆಯುವುದು ಒಂದು ಕ್ಲಿಕ್ಕಿನ ಕೆಲಸ. ಅಂಚು ಹುಡುಕಿ ತೆಗೆದ ಗೆರೆ ನೆರಳಿನ ಗಡಿಯನ್ನೂ ವಸ್ತುವಿನ ಗಡಿ ಎಂದೇ ತಿಳಿಯುತ್ತದೆ, ಹಾಗಾಗಿ ಕೆನ್ನೆಯ ಮೇಲೆ ಬಿದ್ದ ನೆರಳಿನ ಸುತ್ತಲೂ ಗೆರೆ ಇರುತ್ತದೆ. ದಪ್ಪ ಗೆರೆಯಿದ್ದ ಕಡೆ ಅದರ ಎರಡೂ ಬದಿಗೆ ಜೋಡಿ ಗೆರೆ ಬರುತ್ತದೆ. ಕಪ್ಪು ಕೊಪ್ಪೆ ಕಪ್ಪು ಕಾಂಡಕ್ಕೆ ತಾಗಿದಲ್ಲಿ ಗೆರೆ ತುಂಡಾಗಿರುತ್ತದೆ. ಹೊಸ ಸಾಧನಗಳು ಇದಕ್ಕಿಂತ ಚೆನ್ನಾಗಿ ತೆಗೆಯುತ್ತವೆ. ಅವುಗಳ ಗೆರೆ ಶುಚಿಯಾಗಿರುತ್ತದೆ, ತೊಂದರೆಯೇ ಅದು. ಕೈಯ ಸ್ಕೆಚ್‌ನಲ್ಲಿ ಕೊನೆಗೆ ಕಾಣದಿರುವ ಗೆರೆಗಳಿರುತ್ತವೆ: ಬುಟ್ಟಿಯ ಬಾಯಿಯ ಅಂಡಾಕಾರ ತೋಳಿನ ಹಿಂದೆಯೂ ಸುತ್ತಿ ಬಂದಿರುತ್ತದೆ, ಮನೆಯ ಮಾಡಿನ ಓರೆ ಗೆರೆ ಮರಗಳ ಮೂಲಕ ಹಾದು ದಿಗಂತದತ್ತ ಹೋಗಿರುತ್ತದೆ, ತಲೆ ಒಮ್ಮೆ ಎಡಕ್ಕೆ ಇದ್ದು ಆಮೇಲೆ ಸರಿದಿರುತ್ತದೆ. ಅಂತಿಮ ಚಿತ್ರದಲ್ಲಿ ಇಲ್ಲದ ಒಂದು ಗೆರೆಯೂ ಇಲ್ಲದ ಸ್ಕೆಚ್ ಕಂಡರೆ ಕೇಳಬೇಕಾದ ಪ್ರಶ್ನೆಯಿದೆ ಎಂದರ್ಥ.

ಇನ್ನು ಅಳತೆ. ಸ್ಟೇಬಲ್ ಡಿಫ್ಯೂಷನ್ ಎಕ್ಸ್ಎಲ್‌ನಂಥ ಮಾದರಿಗೆ ಒಗ್ಗಿದ ಉದ್ದುದ್ದ ಚಿತ್ರದ ಒಂದು ಅಳತೆ 832 × 1216. ಅದನ್ನು ನಾಲ್ಕು ಪಟ್ಟು ದೊಡ್ಡದು ಮಾಡಿದರೆ 3328 × 4864 ಆಗುತ್ತದೆ, ಎ3ಗೆ ಬಹಳ ಹತ್ತಿರ. ನಮ್ಮ ಉದಾಹರಣೆಯ ಹಿನ್ನೆಲೆ ಲೇಯರ್ ಸ್ಮಾರ್ಟ್ ಆಬ್ಜೆಕ್ಟ್ ಆಗಿತ್ತು, ಅಂದರೆ ಮೂಲ ಚಿತ್ರವನ್ನು ತನ್ನೊಳಗೇ ಇಟ್ಟುಕೊಂಡ ಲೇಯರ್. ಅದರ ಮೇಲೆ ಎರಡು ಸಲ ಕ್ಲಿಕ್ ಮಾಡಿದಾಗ ಒಳಗಿನ ಮೂಲ ತೆರೆಯಿತು: 3328 × 4864. ಎ3 ಕ್ಯಾನ್ವಾಸ್ ತೆರೆದು ನೇರ ಅದರ ಮೇಲೆಯೇ ಬರೆದೆ ಎನ್ನುವವರ ಫೈಲಿನೊಳಗೆ ಈ ಅಳತೆ ಏಕಿದೆ? ಲೇಯರ್ ರಾಸ್ಟರ್, ಅಂದರೆ ಬರಿಯ ಪಿಕ್ಸೆಲ್, ಆಗಿಹೋಗಿದ್ದರೆ ಈ ಸುಳಿವು ಸಿಗುವುದಿಲ್ಲ.

ಫೈಲಿನ ಒಳಗಿನ ಮಾಹಿತಿ ನೋಡಲು ಕಂಪ್ಯೂಟರಿನ ಟರ್ಮಿನಲ್‌ನಲ್ಲಿ ಮೂರು ಸಾಲು ಸಾಕು, ಮೊದಲನೆಯದಕ್ಕೆ `exiftool` ಎಂಬ ಸಾಧನ ಹಾಕಿಕೊಂಡಿರಬೇಕು:

```
exiftool -a -G1 -s entry.psd
unzip -l entry.kra
unzip -p entry.kra documentinfo.xml
```

ಮೊದಲನೆಯದು ಪಿಎಸ್‌ಡಿಯ ಇತಿಹಾಸ ತೋರಿಸುತ್ತದೆ: ಯಾವಾಗ ಹುಟ್ಟಿತು, ಯಾವ ಸಾಫ್ಟ್‌ವೇರ್‌ನಲ್ಲಿ ಯಾವಾಗ ಉಳಿಸಲಾಯಿತು. ಹದಿನೈದು ದಿನ ಬರೆದೆ ಎನ್ನುವ ಚಿತ್ರ ಒಂದೇ ಸಂಜೆ ಹುಟ್ಟಿ ಎರಡು ಸಲ ಸೇವ್ ಆಗಿದ್ದರೆ ವಿಚಾರಿಸಬೇಕು. `DocumentAncestors` ಎಂಬ ಸಾಲಿನಲ್ಲಿ ಬೇರೆ ಫೈಲ್‌ಗಳಿಂದ ತಂದು ಅಂಟಿಸಿದ ಗುರುತು ಇರಬಹುದು, ಆದರೆ ಹಳೆಯ ಫೈಲನ್ನೇ ಅಚ್ಚಿನಂತೆ ಮತ್ತೆ ಮತ್ತೆ ಬಳಸುವವರಲ್ಲಿ ಅಲ್ಲಿ ಬೇಡದ ಕಸವೂ ಸೇರಿಕೊಂಡಿರುತ್ತದೆ. ಕ್ರಿಟಾ ಎಂಬ ಚಿತ್ರ ಬರೆಯುವ ಸಾಫ್ಟ್‌ವೇರ್‌ನ `.kra` ಫೈಲ್ ವಾಸ್ತವದಲ್ಲಿ ಒಂದು ಜಿಪ್. ಅದರೊಳಗಿನ `documentinfo.xml`ನಲ್ಲಿ `editing-time` ಎಂಬುದು ಕೆಲಸ ಮಾಡಿದ ಹೊತ್ತನ್ನು ಸೆಕೆಂಡುಗಳಲ್ಲಿ ಬರೆದಿಟ್ಟಿರುತ್ತದೆ. ಪಿಎನ್‌ಜಿ ಬಂದಿದ್ದರೆ ಅದನ್ನೂ ಮೊದಲ ಸಾಲಿನಿಂದಲೇ ನೋಡಿ. ಕೆಲವು ಎಐ ಸಾಧನಗಳು ಕೊಟ್ಟ ಸೂಚನೆಯನ್ನು `parameters`, `prompt` ಅಥವಾ `workflow` ಎಂಬ ಹೆಸರಿನಲ್ಲಿ ಚಿತ್ರದೊಳಗೇ ಬರೆದುಬಿಡುತ್ತವೆ. ಇದೆಲ್ಲ ಒಂದು ಕಡೆಯ ಬಾಗಿಲು. ಸಿಕ್ಕರೆ ಬಲವಾದ ಸುಳಿವು, ಸಿಗದಿದ್ದರೆ ಏನೂ ಸಾಬೀತಾಗುವುದಿಲ್ಲ, ಏಕೆಂದರೆ ಇದನ್ನು ಅಳಿಸಬಹುದು, ತಿದ್ದಬಹುದು. ವಾಟ್ಸ್ಆ್ಯಪ್‌ನಲ್ಲಿ ಫೋಟೋ ಆಗಿ ಕಳುಹಿಸಿದರೆ ತಾನೇ ಅಳಿಸಿಹೋಗುತ್ತದೆ. ದಯವಿಟ್ಟು ಎಂಟ್ರಿಗಳನ್ನು ವಾಟ್ಸ್ಆ್ಯಪ್‌ನಲ್ಲಿ ತರಿಸಿಕೊಳ್ಳಬೇಡಿ.

ಟೈಮ್‌ಲ್ಯಾಪ್ಸ್ ವಿಡಿಯೊ ಇದ್ದರೆ ಸಾಕಲ್ಲವೇ ಎನ್ನುವವರಿದ್ದಾರೆ. ಸಾಲದು. 2024ರ ಜುಲೈನಲ್ಲಿ ಪೇಂಟ್ಸ್ ಅನ್‌ಡೂ ಎಂಬ ಮಾದರಿ ಬಿಡುಗಡೆಯಾಯಿತು. ಅದಕ್ಕೆ ಮುಗಿದ ಚಿತ್ರ ಕೊಟ್ಟರೆ ಸ್ಕೆಚ್‌ನಿಂದ ಬಣ್ಣದವರೆಗಿನ ವಿಡಿಯೊವನ್ನು ಹಿಂದುಮುಂದಾಗಿ ಕಲ್ಪಿಸಿ ಕೊಡುತ್ತದೆ. ಅದಕ್ಕೇ ಹೊರಗೆ ತೆಗೆದ ಎಂಪಿ4 ವಿಡಿಯೊ ಬೇಡ, ಐಪ್ಯಾಡ್‌ನಲ್ಲಿ ಚಿತ್ರ ಬರೆಯುವ ಪ್ರೊಕ್ರಿಯೇಟ್ ಆ್ಯಪ್ ಬಳಸಿದವರಿಂದ `.procreate` ಫೈಲನ್ನೇ ಕೇಳಿ. ವಿಡಿಯೊ ಅದರೊಳಗೇ ಇರುತ್ತದೆ. ಕ್ಯಾನ್ವಾಸ್ ಮಾಹಿತಿಯಲ್ಲಿ ಒಟ್ಟು ಎಷ್ಟು ಗೆರೆ ಎಳೆಯಲಾಗಿದೆ, ಎಷ್ಟು ಹೊತ್ತು ಕೆಲಸವಾಗಿದೆ ಎಂಬ ಅಂಕಿಯೂ ಸಿಗುತ್ತದೆ. ಪ್ರೊಕ್ರಿಯೇಟ್‌ನಲ್ಲಿ ಇನ್ನೊಂದು ಸೂಕ್ಷ್ಮವಿದೆ: ಫೋಟೋವನ್ನು ಖಾಸಗಿಯಾಗಿ ಸೇರಿಸುವ ಆಯ್ಕೆ. ಹಾಗೆ ಸೇರಿಸಿದ ಚಿತ್ರ ಟೈಮ್‌ಲ್ಯಾಪ್ಸ್‌ನಲ್ಲಿ ಕಾಣುವುದೇ ಇಲ್ಲ. ಎಐ ಚಿತ್ರವನ್ನು ಕೆಳಗಿಟ್ಟುಕೊಂಡು ಅದರ ಮೇಲೆ ಗೆರೆ ಎಳೆದವರ ವಿಡಿಯೊದಲ್ಲಿ ಬಿಳಿ ಹಾಳೆಯ ಮೇಲೆ ಗೆರೆ ಮೂಡುವುದಷ್ಟೇ ಕಾಣುತ್ತದೆ. ಹಾಗೆ ಬಂದ ಗೆರೆಗೆ ಒಂದು ಲಕ್ಷಣವುಂಟು. ಒಟ್ಟು ಜೋಡಣೆಯ ಹುಡುಕಾಟವಿಲ್ಲದೆ ಒಂದು ಮೂಲೆಯಿಂದ ಶುರುವಾಗಿ ರೈತನ ಕಣ್ಣು, ಮೂಗು, ಬುಟ್ಟಿಯ ಹೆಣಿಗೆ ಎಲ್ಲ ಮೊದಲ ಸಲಕ್ಕೇ ಕೊನೆಯ ಜಾಗದಲ್ಲೇ ಕೂರುತ್ತವೆ. ಯಾವುದನ್ನೂ ಸರಿಸುವುದಿಲ್ಲ, ಕ್ಯಾನ್ವಾಸ್ ಮಗುಚಿ ನೋಡುವುದಿಲ್ಲ, ಅಳಿಸುವುದಿಲ್ಲ. ತಾನೇ ತೆಗೆದ ಫೋಟೋದ ಮೇಲೆ ಗೆರೆ ಎಳೆದವರದ್ದೂ ಹೀಗೇ ಇರುತ್ತದೆ ಎಂಬುದು ನೆನಪಿರಲಿ. ಅದಕ್ಕೆ ಮೂಲ ಫೋಟೋ ಕೇಳಿದರಾಯಿತು.

ಶೈಲಿಯ ಮಾತಿಗೆ ಬರೋಣ. "ಇವರ ಹಿಂದಿನ ಚಿತ್ರಗಳಂತೆ ಇಲ್ಲ" ಎನ್ನುವುದು ಆರೋಪವಾಗಲಾರದು. ಇಪ್ಪತ್ತರ ಹುಡುಗಿ ಆರು ತಿಂಗಳಲ್ಲಿ ಶೈಲಿ ಬದಲಿಸುತ್ತಾಳೆ, ಬದಲಿಸಬೇಕು. ಬದಲಾಗಲು ಹೊತ್ತು ತೆಗೆದುಕೊಳ್ಳುವುದು ಸಣ್ಣ ಅಭ್ಯಾಸಗಳು. ನೆರಳಿಗೆ ಎಳೆಯುವ ಓರೆ ಗೆರೆ ಯಾವ ಕಡೆಗೆ ವಾಲುತ್ತದೆ, ಗೆರೆಯ ಕೊನೆ ಚೂಪಾಗುತ್ತದೋ ಮೊಂಡಾಗುತ್ತದೋ, ಕಿವಿಯನ್ನು ಎಷ್ಟು ಗೆರೆಯಲ್ಲಿ ಮುಗಿಸುತ್ತಾರೆ, ನೆರಳಿಗೆ ಕಪ್ಪು ಬೆರೆಸುತ್ತಾರೋ ನೀಲಿಯೋ. ಹಿಂದಿನ ಮೂರು ಕೆಲಸ ತರಿಸಿಕೊಂಡು ಇಷ್ಟನ್ನು ಪಕ್ಕದಲ್ಲಿಟ್ಟು ನೋಡಿ. ಒಂದೇ ಚಿತ್ರದ ಒಳಗಿನ ಹೊಂದಿಕೆಯನ್ನೂ ನೋಡಿ. ಮನುಷ್ಯರು ಶ್ರಮವನ್ನು ಸಮನಾಗಿ ಹಂಚುವುದಿಲ್ಲ. ಮುಖಕ್ಕೆ ಒಂದು ದಿನ ಕೊಟ್ಟವರು ದೂರದ ಸೋಗೆಗಳನ್ನು ಹತ್ತು ನಿಮಿಷದಲ್ಲಿ ಬಳಿದು ಮುಗಿಸುತ್ತಾರೆ. ದೊಡ್ಡದು ಮಾಡುವ ಸಾಫ್ಟ್‌ವೇರ್ ಹಾದುಬಂದ ಚಿತ್ರದಲ್ಲಿ ದೂರದ ಸೋಗೆಗೂ ಮುಖದಷ್ಟೇ ಹರಿತ ಬಂದಿರುತ್ತದೆ.

ಸಾಗರದ ಕಡೆಯ ದೀವರ ಹಸೆ ಚಿತ್ತಾರದ ಶೈಲಿಯಲ್ಲಿ ಬರುವ ಎಂಟ್ರಿಗಳಿಗೆ ಇದಕ್ಕಿಂತ ನೇರವಾದ ಪರೀಕ್ಷೆಯಿದೆ. ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳುಪಿನಲ್ಲಿ, ಪುಂಡಿ ನಾರಿನ ಕುಂಚದಿಂದ ಎಳೆಯುವ ಆ ಚಿತ್ತಾರ ನಿಂತಿರುವುದೇ ಲೆಕ್ಕದ ಮೇಲೆ. ಸಮಾನಾಂತರ ಎಳೆಗಳ ಒಂದು ಪಟ್ಟಿಯನ್ನು ಹಿಡಿದು ಬೆರಳಿಟ್ಟು ಹಿಂಬಾಲಿಸಿ. ಮೂಲೆ ತಿರುಗುವ ಮೊದಲು ಐದು ಎಳೆಯಿದ್ದರೆ ತಿರುಗಿದ ಮೇಲೂ ಐದೇ ಇರಬೇಕು. ಎಐ ಚಿತ್ರಗಳಲ್ಲಿ ಮೂಲೆಯಲ್ಲಿ ಎರಡು ಎಳೆ ಕೂಡಿಕೊಂಡು ನಾಲ್ಕಾಗುವುದು, ಒಂದು ಆಕೃತಿಯ ಹಿಂದೆ ಹೋದ ಪಟ್ಟಿ ಆಚೆ ಕಡೆ ಅರ್ಧ ಎಳೆ ಮೇಲೆ ಹೊರಬರುವುದು ಇನ್ನೂ ಸಿಗುತ್ತದೆ, ಏಕೆಂದರೆ ಅದು ಎಳೆಯನ್ನು ಮೊದಲಿಂದ ಕೊನೆಯವರೆಗೆ ಎಳೆಯುವುದೇ ಇಲ್ಲ. ಇಡೀ ಚಿತ್ರ ಒಟ್ಟಿಗೆ ಮಂಜಿನಿಂದ ಮೂಡುತ್ತದೆ. ಕೈ ತಪ್ಪಿದವರ ಎಳೆ ಸೊಟ್ಟಾಗುತ್ತದೆ, ದಪ್ಪವಾಗುತ್ತದೆ, ಆದರೆ ಎಲ್ಲೋ ಹೋಗಿ ಮುಟ್ಟುತ್ತದೆ.

ವಸ್ತುವಿನ ತಪ್ಪುಗಳು ಪ್ರಶ್ನೆ ಕೇಳಲು ಒಳ್ಳೆಯವು, ಸಾಕ್ಷಿಗೆ ಒದಗುವುದಿಲ್ಲ. ಅಡಿಕೆ ಮರದಲ್ಲಿ ಗೊನೆ ಇರುವುದು ಹಸಿರು ಹಾಳೆಯ ಬುಡದ ಕೆಳಗೆ, ಕಾಂಡಕ್ಕೆ ಅಂಟಿ. ಎಐ ಆಗಾಗ ತೆಂಗಿನಂತೆ ಗರಿಗಳ ನಡುವೆ ಗೊಂಚಲು ಇಡುತ್ತದೆ. ಪೇಟೆಯಲ್ಲೇ ಬೆಳೆದ ಹುಡುಗನೂ ಇಡುತ್ತಾನೆ.

ಇಷ್ಟೆಲ್ಲ ನೋಡಿದ ಮೇಲೆ ಬಹುಮಾನದ ಪಟ್ಟಿಗೆ ಬಂದವರನ್ನು ಅರ್ಧ ಗಂಟೆ ಕೂರಿಸಿ ಮಾತಾಡಿಸಿ. ಅನುಮಾನವಿರುವವರನ್ನಷ್ಟೇ ಕರೆದರೆ ಅದೇ ಅವಮಾನ, ಎಲ್ಲರನ್ನೂ ಕರೆಯಿರಿ. ಅವರ ಫೈಲನ್ನೇ ತೆರೆದು ಕೊಟ್ಟು, "ಬುಟ್ಟಿಯನ್ನು ಇನ್ನೊಂದು ಕೈಗೆ ಕೊಟ್ಟರೆ ಹೇಗಿರುತ್ತದೆ, ಬರೇ ಗೆರೆಯಲ್ಲಿ ತೋರಿಸಿ" ಎಂದು ಕೇಳಿ. ಚೆಂದ ಬರಬೇಕಾಗಿಲ್ಲ. ತಮ್ಮದೇ ಲೇಯರ್‌ಗಳ ನಡುವೆ ಅವರು ತಡಕಾಡದೆ ಓಡಾಡುತ್ತಾರೋ, ಈಗ ಎಳೆದ ಗೆರೆಯ ಅಭ್ಯಾಸ ಎಂಟ್ರಿಯ ಗೆರೆಯಲ್ಲೂ ಇದೆಯೋ, ಅಷ್ಟು ನೋಡಿದರೆ ಸಾಕು. ಬೆವರುವ ಕೈಯನ್ನು ಸಾಕ್ಷಿ ಎಂದುಕೊಳ್ಳಬೇಡಿ. ತೀರ್ಪುಗಾರರ ಎದುರು ಯಾರ ಕೈಯಾದರೂ ಬೆವರುತ್ತದೆ.

ತಳ್ಳಿಹಾಕುವ ನಿರ್ಧಾರಕ್ಕೆ ಬೇರೆ ಬೇರೆ ಬಗೆಯ ಮೂರು ಸುಳಿವಾದರೂ ಕೂಡಿಬರಬೇಕು ಎಂಬುದು ನಮ್ಮ ಸಲಹೆ. ನಮ್ಮ ಉದಾಹರಣೆಯಲ್ಲಿ ಬಣ್ಣದೊಳಗೇ ಬೆರೆತ ನೆರಳು, ಅಂಚಿಗೆ ಅಂಟಿದ ಹಸಿರು, ಒಳಗೆ ಸಿಕ್ಕ ಅಳತೆ ಮೂರೂ ಇವೆ. ಆಗಲೂ ಅವನ್ನು ಬರಹದಲ್ಲಿ ಕಳುಹಿಸಿ, ಉತ್ತರಕ್ಕೆ ವಾರ ಕೊಡಿ. ಎಐ ಪತ್ತೆ ಹಚ್ಚುವ ವೆಬ್‌ಸೈಟ್‌ಗಳು ಕೊಡುವ ಶೇಕಡಾವಾರನ್ನು ಮೂರರಲ್ಲಿ ಒಂದಾಗಿ ಎಣಿಸಬೇಡಿ, ಅದು ಏನನ್ನು ನೋಡಿ ಹೇಳಿತು ಎಂದು ಕೇಳಿದರೆ ನಿಮ್ಮ ಬಳಿ ಉತ್ತರವಿರುವುದಿಲ್ಲ. ಕಣ್ಣಿನ ಅಂದಾಜು ಎಷ್ಟು ಕೆಡಬಹುದು ಎಂಬುದಕ್ಕೆ 2024ರಲ್ಲಿ ಮೈಲ್ಸ್ ಆಸ್ಟ್ರೇ ಎಂಬ ಛಾಯಾಗ್ರಾಹಕ ಬೇಕೆಂದೇ ಮಾಡಿ ತೋರಿಸಿದ್ದಾರೆ. ತಲೆ ಕಾಣದಂತೆ ಮುದುರಿ ನಿಂತ ಫ್ಲೆಮಿಂಗೊದ ನಿಜವಾದ ಫೋಟೋವನ್ನು ಒಂದು ಸ್ಪರ್ಧೆಯ ಎಐ ವಿಭಾಗಕ್ಕೆ ಕಳುಹಿಸಿದರು. ತೀರ್ಪುಗಾರರು ಅದಕ್ಕೂ ಬಹುಮಾನ ಕೊಟ್ಟರು. ನಿಜ ತಿಳಿದ ಮೇಲೆ ಹಿಂಪಡೆದರು.

ಕೊನೆಯಲ್ಲಿ ಸಭೆಯಿಂದ ಎರಡು ಪ್ರಶ್ನೆ ಬಂದವು. ಎಲ್ಲವನ್ನೂ ಒಂದೇ ಲೇಯರ್‌ನಲ್ಲಿ ಬರೆಯುವವರ ಗತಿ ಏನು? ಅಂಥವರು ಬಹಳ ಜನ ಇದ್ದಾರೆ, ಮತ್ತು ಅದು ತಪ್ಪಲ್ಲ. ಅವರು ದಿನದ ಕೆಲಸ ಮುಗಿದಾಗ ಫೈಲನ್ನು ಹೊಸ ಹೆಸರಿನಲ್ಲಿ ಉಳಿಸಿದರೆ ಆಯಿತು. ಇಂಥ ನಾಲ್ಕೈದು ಪ್ರತಿಗಳು ಒಂಬತ್ತು ಲೇಯರ್‌ಗಿಂತ ಹೆಚ್ಚು ಹೇಳುತ್ತವೆ. ಇದನ್ನು ಪ್ರಕಟಣೆಯಲ್ಲೇ ಹಾಕಿ, ಚಿತ್ರ ಮುಗಿದ ಮೇಲೆ ಕೇಳಿದರೆ ಅವರ ಬಳಿ ಇರುವುದಿಲ್ಲ.

ಕಾಗದದ ಮೇಲೆ ಬರೆದವರದ್ದು? ಸ್ಕ್ಯಾನ್ ನೋಡಿ ನಿರ್ಧರಿಸಬೇಡಿ, ಮೂಲ ಹಾಳೆಯನ್ನೇ ತರಿಸಿ. ಟಾರ್ಚನ್ನು ಹಾಳೆಯ ಮಟ್ಟಕ್ಕೆ ಹಿಡಿದು ಓರೆ ಬೆಳಕು ಬಿಟ್ಟರೆ ಪೆನ್ಸಿಲ್ ಒತ್ತಿದ ಗುರುತು ಕಾಣುತ್ತದೆ, ಜಲವರ್ಣದಲ್ಲಿ ನೀರು ಎಳೆದ ಕಾಗದ ಸ್ವಲ್ಪ ಉಬ್ಬಿರುತ್ತದೆ. ಮುದ್ರಿಸಿದ್ದಾದರೆ ಭೂತಗನ್ನಡಿಯಲ್ಲಿ ಚುಕ್ಕೆಗಳು ಕಾಣುತ್ತವೆ. ಮುದ್ರಣದ ಮೇಲೆಯೇ ಬಣ್ಣ ಬಳಿದವರೂ ಇರಬಹುದು, ಹಾಗಾಗಿ ಬಣ್ಣ ತೆಳುವಾಗಿರುವ ಮೂಲೆಗಳಲ್ಲಿ ಮೊದಲು ಭೂತಗನ್ನಡಿ ಇಡಿ.